ಬಸ್ಸಿನ ದಾರಿಗಳಿಂದ ಜಾಲಾಕೃತಿಯ ಪಾಠ
(ಪ್ರೌಢಶಾಲೆಯ ಒಂದು ದಿನದ ಕಾರ್ಯಾಗಾರಕ್ಕೆ ಪಾಠಯೋಜನೆ)

‘ಗ್ರಾಫ್’ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಶಾಲೆಗಳ ವಿದ್ಯಾರ್ಥಿಗಳಿಗೆ ಚೌಕುಳಿ ಕಾಗದವೂ ಅದರ ಮೇಲೆ ಅಡ್ಡ ಉದ್ದ ಎಳೆದ ಎರಡು ಅಕ್ಷಗಳೂ ನೆನಪಿಗೆ ಬರುತ್ತವೆ. ಗಣಿತಶಾಸ್ತ್ರದಲ್ಲಿ ಅದೇ ಹೆಸರಿನ ಮತ್ತೊಂದು ವಸ್ತುವಿದೆ. ಕೆಲವು ಬಿಂದುಗಳು, ಆ ಬಿಂದುಗಳನ್ನು ಎರಡೆರಡಾಗಿ ಕೂಡಿಸುವ ಕೆಲವು ಗೆರೆಗಳು, ಇಷ್ಟೇ ಅದರ ಸ್ವರೂಪ. ಇಂತಹ ಆಕೃತಿಗೆ ಆ ಹೆಸರನ್ನು 1878ರಲ್ಲಿ ಸಿಲ್ವೆಸ್ಟರ್ ಎಂಬ ಆಂಗ್ಲ ಗಣಿತಜ್ಞನು ಕೊಟ್ಟನು. ಎರಡೂ ಒಂದೇ ಎಂಬ ಗೊಂದಲವನ್ನು ತಪ್ಪಿಸುವ ಸಲುವಾಗಿ ಈ ಲೇಖನದಲ್ಲಿ ಎರಡನೆಯದನ್ನು ‘ಜಾಲಾಕೃತಿ’ ಎಂದೂ, ಅದರ ಬಿಂದುಗಳನ್ನು ‘ಸಂಪಾತಬಿಂದು’ ಎಂದೂ, ಗೆರೆಗಳನ್ನು ‘ಕಂಸ’ ಎಂದೂ ಕರೆಯಲಾಗಿದೆ.

ಜಾಲಾಕೃತಿಯನ್ನು ಕಲಿಸಲು ಬೀದರ ಜಿಲ್ಲೆಯ ಶಿಕ್ಷಕರು ದೂರ ಹೋಗಬೇಕಾಗಿಲ್ಲ. ಬೀದರ ನಗರದ ಹಳೆಯ ಊರಿನ ನಡುವೆ ನಿಂತಿರುವ ಚೌಬಾರಾದ ಬುಡದಲ್ಲಿ ನಿಂತರೆ ದಾರಿಗಳು ನಾಲ್ಕು ದಿಕ್ಕಿಗೂ ಹೊರಡುವುದು ಕಾಣುತ್ತದೆ. ಆ ಗೋಪುರವೇ ಒಂದು ಸಂಪಾತಬಿಂದು. ಅಲ್ಲಿಂದ ಹೊರಡುವ ದಾರಿಗಳೇ ಕಂಸಗಳು. ಇದನ್ನೇ ಸ್ವಲ್ಪ ವಿಸ್ತರಿಸಿ, ಬೀದರ, ಭಾಲ್ಕಿ, ಔರಾದ ಮೊದಲಾದ ಊರುಗಳನ್ನು ಬಿಂದುಗಳಾಗಿಯೂ ಬಸ್ಸು ಸಾಗುವ ದಾರಿಗಳನ್ನು ಕಂಸಗಳಾಗಿಯೂ ತೆಗೆದುಕೊಂಡು, ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ನಲವತ್ತು ವಿದ್ಯಾರ್ಥಿಗಳಿಗಾಗಿ ನಾಲ್ಕು ಅವಧಿಗಳ ಪಾಠವನ್ನು ಇಲ್ಲಿ ವಿವರಿಸಲಾಗಿದೆ. ಒಂದೊಂದು ಅವಧಿಗೆ ನಲವತ್ತೈದು ನಿಮಿಷ. ಐದೈದು ಜನರ ಎಂಟು ಗುಂಪುಗಳು. ಬೇಕಾದ ಸಾಮಗ್ರಿಯೆಂದರೆ ಸೀಮೆಸುಣ್ಣ, ಸುತಳಿ, ಹುಣಿಸೆಬೀಜ, ಹಳೆಯ ರಟ್ಟಿನ ತುಂಡುಗಳು ಮತ್ತು ಶಾಲೆಯ ಅಂಗಳ.

ಪೂರ್ವಸಿದ್ಧತೆ

ಕಾರ್ಯಾಗಾರದ ಹಿಂದಿನ ದಿನ ಪ್ರತಿ ಗುಂಪಿನಿಂದ ಇಬ್ಬರು ತಮ್ಮ ಊರಿನ ಬಸ್ ನಿಲ್ದಾಣಕ್ಕೆ ಹೋಗಿ ಅಲ್ಲಿಯ ವೇಳಾಫಲಕವನ್ನು ಬರೆದುಕೊಂಡು ಬರಬೇಕು. ಜಿಲ್ಲೆಯ ಸಾರಿಗೆಯನ್ನು ನಡೆಸುತ್ತಿರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2021ಕ್ಕೆ ಮುಂಚೆ ಇದಕ್ಕೆ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂಬ ಹೆಸರಿದ್ದಿತು. ಫಲಕದಲ್ಲಿ ಹೊರಡುವ ಊರು, ತಲಪುವ ಊರು, ‘ಮಾರ್ಗ’ ಎಂಬ ತಲೆಬರಹದ ಕೆಳಗೆ ನಡುವಿನ ಊರುಗಳು, ಹೊರಡುವ ಸಮಯ ಇವು ಇರುತ್ತವೆ. ವಿದ್ಯಾರ್ಥಿಗಳು ಸಮಯಕ್ಕಿಂತ ಹೆಚ್ಚಾಗಿ ‘ಮಾರ್ಗ’ದ ಅಂಕಣವನ್ನು ತಪ್ಪದೆ ಬರೆದುಕೊಳ್ಳಬೇಕೆಂದು ಶಿಕ್ಷಕರು ಹೇಳಿ ಕಳಿಸಬೇಕು. ಮರುದಿನದ ಪಾಠವೆಲ್ಲ ನಿಂತಿರುವುದು ಆ ಅಂಕಣದ ಮೇಲೆ.

ಮೊದಲನೆಯ ಪಾಠ ಮಾತ್ರ ಇಡೀ ಫಲಕದಿಂದ ಆರಂಭವಾಗಬಾರದು. ನೂರಾರು ಊರುಗಳ ಹೆಸರನ್ನು ಒಮ್ಮೆಲೇ ಎದುರಿಗಿಟ್ಟರೆ ಬಾಲಕರು ಕಂಗೆಡುತ್ತಾರೆ. ಆದ್ದರಿಂದ ಏಳೇ ಊರುಗಳ ಒಂದು ಸರಳ ಮಾದರಿಯನ್ನು ಇಲ್ಲಿ ಬಳಸಲಾಗಿದೆ: ಬೀದರ, ಭಾಲ್ಕಿ, ಔರಾದ, ಸಂತಪುರ, ಕಮಲನಗರ, ಹುಮನಾಬಾದ, ಬಸವಕಲ್ಯಾಣ. ನಡುವಿನ ಹಳ್ಳಿಗಳನ್ನೂ ಜಿಲ್ಲೆಯ ಆಚೆಗೆ ಹೋಗುವ ದಾರಿಗಳನ್ನೂ ಪಾಠದ ಅನುಕೂಲಕ್ಕಾಗಿ ಬಿಡಲಾಗಿದೆ. ಹೀಗೆ ಬಿಟ್ಟಿರುವುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ತಮ್ಮ ಹಳ್ಳಿ ಚಿತ್ರದಲ್ಲಿ ಏಕಿಲ್ಲ ಎಂದು ಯಾವನಾದರೂ ಬಾಲಕ ಕೇಳಿದರೆ ಅದು ಒಳ್ಳೆಯ ಪ್ರಶ್ನೆಯೇ ಸರಿ. ಕೊನೆಯ ಅವಧಿಯಲ್ಲಿ ಅವನೇ ಅದನ್ನು ಸೇರಿಸುವನು.

ಮೊದಲನೆಯ ಅವಧಿ: ಏನನ್ನು ಉಳಿಸಬೇಕು, ಏನನ್ನು ಬಿಡಬೇಕು

ಅಂಗಳದಲ್ಲಿ ಏಳು ವಿದ್ಯಾರ್ಥಿಗಳು ಊರಿನ ಹೆಸರು ಬರೆದ ರಟ್ಟನ್ನು ಹಿಡಿದು ನಿಲ್ಲುತ್ತಾರೆ. ಉಳಿದವರು ಸುತಳಿಯ ತುಂಡುಗಳಿಂದ ಊರೂರನ್ನು ಕೂಡಿಸುತ್ತಾರೆ. ಕೂಡಿಸಬೇಕಾದ ದಾರಿಗಳು ಒಂಬತ್ತು:

1. ಬೀದರ – ಸಂತಪುರ
2. ಸಂತಪುರ – ಔರಾದ
3. ಸಂತಪುರ – ಕಮಲನಗರ
4. ಕಮಲನಗರ – ಭಾಲ್ಕಿ
5. ಬೀದರ – ಭಾಲ್ಕಿ
6. ಭಾಲ್ಕಿ – ಹುಮನಾಬಾದ
7. ಭಾಲ್ಕಿ – ಬಸವಕಲ್ಯಾಣ
8. ಬೀದರ – ಹುಮನಾಬಾದ
9. ಹುಮನಾಬಾದ – ಬಸವಕಲ್ಯಾಣ

ಸುತಳಿಗಳೆಲ್ಲ ಬಿಗಿದ ಮೇಲೆ ಶಿಕ್ಷಕರು ಔರಾದದ ರಟ್ಟು ಹಿಡಿದವನನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಲು ಹೇಳಬೇಕು. ಸುತಳಿ ವಾಲುತ್ತದೆ, ಚಿತ್ರದ ಆಕಾರ ಬದಲಾಗುತ್ತದೆ. ಆದರೆ ಯಾವ ಗಂಟೂ ಬಿಚ್ಚುವುದಿಲ್ಲ. ‘ಈಗ ಇದು ಬೇರೆ ಜಾಲಾಕೃತಿಯೆ?’ ಎಂಬ ಪ್ರಶ್ನೆಯನ್ನು ಆಗ ಕೇಳಬೇಕು. ಯಾವ ಊರು ಯಾವ ಊರಿಗೆ ಕೂಡಿದೆ ಎಂಬುದು ಬದಲಾಗದಿದ್ದರೆ ಜಾಲಾಕೃತಿಯೂ ಬದಲಾಗುವುದಿಲ್ಲ ಎಂಬ ಉತ್ತರ ವಿದ್ಯಾರ್ಥಿಗಳ ಬಾಯಿಂದಲೇ ಬರಬೇಕು. ಭೂಪಟವು ದಿಕ್ಕು ಮತ್ತು ದೂರಗಳನ್ನು ಕಾಪಾಡುತ್ತದೆ. ಜಾಲಾಕೃತಿಯು ಅವೆರಡನ್ನೂ ಬಿಟ್ಟು ಕೂಡಿಕೆಯೊಂದನ್ನೇ ಕಾಪಾಡುತ್ತದೆ.

ಈ ಅವಧಿಯಲ್ಲಿ ಎರಡು ತಪ್ಪುಗಳು ಸಾಮಾನ್ಯ. ಮೊದಲನೆಯದು, ಎರಡು ಸುತಳಿಗಳು ಒಂದರ ಮೇಲೊಂದು ಹಾಯ್ದಿರುವ ಕಡೆಯನ್ನು ಒಂದು ಊರೆಂದು ಎಣಿಸುವುದು. ರಟ್ಟು ಹಿಡಿದವರು ಅಸ್ತವ್ಯಸ್ತವಾಗಿ ನಿಂತಾಗ ಇಂತಹ ಹಾಯುವಿಕೆಗಳು ತಪ್ಪದೆ ಉಂಟಾಗುತ್ತವೆ. ಅಲ್ಲಿ ಗಂಟು ಇದೆಯೋ ಎಂದು ಕೈಯಿಂದ ಮುಟ್ಟಿ ನೋಡಲು ಹೇಳಿದರೆ ಸಂಶಯ ಪರಿಹಾರವಾಗುತ್ತದೆ. ಗಂಟಿಲ್ಲದ ಕಡೆ ಬಿಂದುವಿಲ್ಲ, ಅಲ್ಲಿ ಒಂದು ಬಸ್ಸಿನಿಂದ ಇಳಿದು ಇನ್ನೊಂದನ್ನು ಹತ್ತಲಾಗದು. ಎರಡನೆಯದು, ಉದ್ದನೆಯ ಸುತಳಿಯನ್ನು ಹೆಚ್ಚು ಮುಖ್ಯವಾದ ದಾರಿಯೆಂದು ಭಾವಿಸುವುದು. ಇದಕ್ಕೆ ರಟ್ಟು ಹಿಡಿದವರ ಸ್ಥಳ ಬದಲಾವಣೆಯೇ ಮದ್ದು.

ಎರಡನೆಯ ಅವಧಿ: ಎಣಿಕೆ ಮತ್ತು ಪರಿಶೀಲನೆಯ ಜೀಪು

ಈಗ ಪ್ರತಿಯೊಂದು ಊರಿನಲ್ಲಿ ಎಷ್ಟು ಸುತಳಿಗಳ ತುದಿಗಳಿವೆಯೋ ಅಷ್ಟು ಹುಣಿಸೆಬೀಜಗಳನ್ನು ಆ ಊರಿನವನ ಕಾಲ ಬಳಿ ಇಡಬೇಕು. ಈ ಸಂಖ್ಯೆಗೆ ಆ ಬಿಂದುವಿನ ‘ದರ್ಜೆ’ ಎನ್ನೋಣ. ಭಾಲ್ಕಿಗೆ 4, ಬೀದರ, ಸಂತಪುರ, ಹುಮನಾಬಾದಗಳಿಗೆ ತಲಾ 3, ಕಮಲನಗರ, ಬಸವಕಲ್ಯಾಣಗಳಿಗೆ ತಲಾ 2, ಔರಾದಕ್ಕೆ 1. ಬೀಜಗಳನ್ನೆಲ್ಲ ಒಟ್ಟುಗೂಡಿಸಿದರೆ 18. ಸುತಳಿಗಳು 9. ಬೀಜಗಳು ಸುತಳಿಗಳ ಇಮ್ಮಡಿ ಏಕಾದವು ಎಂದು ಕೇಳಿದರೆ, ಪ್ರತಿಯೊಂದು ಸುತಳಿಗೂ ಎರಡು ತುದಿಗಳು ಎಂಬ ಕಾರಣವನ್ನು ತರಗತಿಯ ಹಿಂದಿನ ಸಾಲಿನವನೂ ಹೇಳಬಲ್ಲನು.

ಈ ಸರಳ ಸಂಗತಿಯು ಒಂದು ಪರೀಕ್ಷಾಸಾಧನವೂ ಹೌದು. ಗುಂಪುಗಳು ಕಾಗದದ ಮೇಲೆ ದರ್ಜೆಗಳನ್ನು ಬರೆದು ಕೂಡಿಸಿದಾಗ ಮೊತ್ತವು 17 ಎಂದು ಬಂದರೆ, ಎಲ್ಲೋ ಒಂದು ದಾರಿಯನ್ನು ಒಂದು ತುದಿಯಲ್ಲಿ ಬರೆದು ಇನ್ನೊಂದು ತುದಿಯಲ್ಲಿ ಮರೆತಿದ್ದಾರೆಂದು ಚಿತ್ರವನ್ನು ನೋಡದೆಯೇ ಹೇಳಬಹುದು. ಮೊತ್ತವು ಸಮಸಂಖ್ಯೆಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದು ತಿಳಿಯಬಾರದು; ಎರಡು ಕಡೆ ಮರೆತರೂ ಮೊತ್ತ ಸಮವೇ ಆಗುತ್ತದೆ. ಆದ್ದರಿಂದ ಮೊತ್ತವನ್ನು ದಾರಿಗಳ ಸಂಖ್ಯೆಯ ಇಮ್ಮಡಿಯೊಡನೆ ಹೋಲಿಸಿಯೇ ನೋಡಬೇಕು. ಇನ್ನೊಂದು ಫಲವೂ ಇದರಿಂದ ದೊರೆಯುತ್ತದೆ. ದರ್ಜೆಗಳ ಮೊತ್ತವು ಯಾವಾಗಲೂ ಸಮಸಂಖ್ಯೆಯಾದುದರಿಂದ, ಬೆಸ ದರ್ಜೆಯ ಬಿಂದುಗಳ ಸಂಖ್ಯೆ ಎಂದೂ ಬೆಸವಾಗಿರಲಾರದು. ನಮ್ಮ ಮಾದರಿಯಲ್ಲಿ ಬೆಸ ದರ್ಜೆಯ ಊರುಗಳು ನಾಲ್ಕು: ಬೀದರ, ಸಂತಪುರ, ಔರಾದ, ಹುಮನಾಬಾದ.

ಇಷ್ಟಾದ ಮೇಲೆ ಸಮಸ್ಯೆಯನ್ನು ಒಡ್ಡಬೇಕು. ಮಳೆಗಾಲ ಮುಗಿದಿದೆ. ಲೋಕೋಪಯೋಗಿ ಇಲಾಖೆಯ ಜೀಪೊಂದು ಈ ಒಂಬತ್ತು ದಾರಿಗಳನ್ನೂ ಪರಿಶೀಲಿಸಬೇಕಾಗಿದೆ. ಯಾವ ಊರಿನಿಂದಲಾದರೂ ಹೊರಡಲಿ, ಯಾವ ಊರಿನಲ್ಲಾದರೂ ನಿಲ್ಲಲಿ. ಪ್ರತಿಯೊಂದು ದಾರಿಯನ್ನೂ ಒಮ್ಮೆ, ಒಮ್ಮೆ ಮಾತ್ರ, ಹಾಯಬಹುದೆ? ಗುಂಪುಗಳಿಗೆ ಹದಿನೈದು ನಿಮಿಷ ಬಿಟ್ಟುಕೊಡಬೇಕು. ಒಬ್ಬ ವಿದ್ಯಾರ್ಥಿ ಜೀಪಾಗಿ ಸುತಳಿಗಳ ಗುಂಟ ನಡೆಯುತ್ತಾನೆ. ನಡೆದ ಸುತಳಿಗೆ ಒಂದು ಗುರುತು ಕಟ್ಟಲಾಗುತ್ತದೆ. ಪ್ರತಿ ಸಲವೂ ಒಂದೋ ಎರಡೋ ಸುತಳಿಗಳು ಉಳಿದೇಬಿಡುತ್ತವೆ. ‘ಇನ್ನೊಮ್ಮೆ ನೋಡುತ್ತೇವೆ’ ಎಂದು ಬಾಲಕರು ಹಟ ಹಿಡಿಯುವುದು ಸಹಜ. ಆ ಹಟವನ್ನು ಶಿಕ್ಷಕರು ತಡೆಯಬಾರದು. ಆಗುವುದಿಲ್ಲವೆಂಬುದು ಬೇರೆ, ಆಗಲಾರದೆಂದು ತೋರಿಸುವುದು ಬೇರೆ ಎಂಬ ಭೇದವು ಮನಸ್ಸಿಗೆ ಹೊಳೆಯುವುದು ಅಲ್ಲಿಯೇ.

ಕಾರಣವನ್ನು ಸಂತಪುರದಲ್ಲಿ ನಿಂತು ವಿವರಿಸಬೇಕು. ಜೀಪು ಸಂತಪುರದ ಮೂಲಕ ಹಾಯ್ದು ಹೋದಾಗಲೆಲ್ಲ ಒಂದು ದಾರಿಯಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತದೆ; ಒಂದು ಸಲಕ್ಕೆ ಎರಡು ದಾರಿಗಳು ವೆಚ್ಚವಾಗುತ್ತವೆ. ಅಲ್ಲಿ ಮೂರು ದಾರಿಗಳಿವೆ. ಎರಡು ವೆಚ್ಚವಾದ ಮೇಲೆ ಉಳಿದ ಒಂದರಿಂದ ಜೀಪು ಒಳಗೆ ಬಂದರೆ ಹೊರಗೆ ಹೋಗಲು ದಾರಿಯಿಲ್ಲ. ಹೊರಗೆ ಹೋಗಬೇಕಾದರೆ ಅದು ಅಲ್ಲಿಂದಲೇ ಪ್ರಯಾಣ ಆರಂಭಿಸಿರಬೇಕು. ಹೀಗಾಗಿ ಬೆಸ ದರ್ಜೆಯ ಪ್ರತಿಯೊಂದು ಊರೂ ಪ್ರಯಾಣದ ಆದಿಯಾಗಿರಬೇಕು ಇಲ್ಲವೆ ಅಂತ್ಯವಾಗಿರಬೇಕು. ಒಂದು ಪ್ರಯಾಣಕ್ಕೆ ಆದಿ ಒಂದೇ, ಅಂತ್ಯವೂ ಒಂದೇ. ಬೆಸ ಊರುಗಳಾದರೋ ನಾಲ್ಕು. ಆದ್ದರಿಂದ ಆ ಪ್ರಯಾಣ ಅಸಾಧ್ಯ.

ಇದೇ ತರ್ಕವನ್ನು ಮೊಟ್ಟಮೊದಲು ಮಂಡಿಸಿದವನು ಲಿಯೊನಾರ್ಡ್ ಆಯ್ಲರ್. ಪ್ರೆಗೆಲ್ ನದಿಯ ದಂಡೆಯ ಕೋನಿಗ್ಸ್‌ಬರ್ಗ್ ನಗರದಲ್ಲಿ (ಇಂದು ಅದು ರಷ್ಯಾದ ಕಲಿನಿನ್‌ಗ್ರಾದ್) ಏಳು ಸೇತುವೆಗಳಿದ್ದವು. ಏಳನ್ನೂ ಒಂದೊಂದೇ ಸಲ ದಾಟಿ ನಡೆಯಬಹುದೆ ಎಂಬ ಪ್ರಶ್ನೆಗೆ ಆತನು 1735ರಲ್ಲಿ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಮುಂದೆ ಉತ್ತರವನ್ನಿಟ್ಟನು. ಅದು 1741ರಲ್ಲಿ ಅಚ್ಚಾಯಿತು. ಅಲ್ಲಿಯ ನಾಲ್ಕು ಭೂಭಾಗಗಳಿಗೆ ಸೇರಿದ ಸೇತುವೆಗಳು ಕ್ರಮವಾಗಿ 5, 3, 3, 3. ನಾಲ್ಕೂ ಬೆಸ. ನಮ್ಮ ಜೀಪಿಗೆ ಬಂದ ಅಡಚಣೆಯೇ ಅಲ್ಲಿಯ ನಾಗರಿಕರಿಗೂ ಬಂದಿದ್ದಿತು.

ಆದರೆ ಇಲಾಖೆಯ ಕೆಲಸ ನಿಲ್ಲುವಂತಿಲ್ಲ. ಒಂದು ದಾರಿಯನ್ನು ಎರಡು ಸಲ ಹಾಯಲು ಒಪ್ಪಿದರೆ ಏನಾಗುತ್ತದೆ? ಸಂತಪುರ – ಔರಾದ ದಾರಿಯನ್ನು ಇಮ್ಮಡಿಗೊಳಿಸಿದರೆ ಸಂತಪುರದ ದರ್ಜೆ 4, ಔರಾದದ್ದು 2 ಆಗಿ ಎರಡೂ ಸಮವಾಗುತ್ತವೆ. ಬೀದರ ಮತ್ತು ಹುಮನಾಬಾದಗಳು ಮಾತ್ರ ಬೆಸವಾಗಿ ಉಳಿಯುತ್ತವೆ. ಒಂದು ಆದಿ, ಇನ್ನೊಂದು ಅಂತ್ಯ. ಪ್ರಯಾಣ ಹೀಗೆ ಸಾಗುತ್ತದೆ: ಬೀದರ, ಸಂತಪುರ, ಔರಾದ, ಸಂತಪುರ, ಕಮಲನಗರ, ಭಾಲ್ಕಿ, ಬೀದರ, ಹುಮನಾಬಾದ, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ. ಹತ್ತು ಸಾಗುಗಳಲ್ಲಿ ಒಂಬತ್ತು ದಾರಿಗಳೂ ಮುಗಿದವು. ಬೇರೆ ದಾರಿಯನ್ನು ಇಮ್ಮಡಿಗೊಳಿಸಿಯೂ ಇದನ್ನು ಸಾಧಿಸಬಹುದು. ಆದರೆ ಇವುಗಳಲ್ಲಿ ಸಂತಪುರ – ಔರಾದವೇ ಚಿಕ್ಕ ದಾರಿಯಾದುದರಿಂದ ಇಂಧನದ ಉಳಿತಾಯವೂ ಆಗುತ್ತದೆ. ಜೀಪು ಮರಳಿ ಬೀದರಕ್ಕೇ ಬರಬೇಕೆಂದರೆ ಎಷ್ಟು ಸಾಗುಗಳು ಬೇಕಾಗುವವು ಎಂಬುದನ್ನು ಗುಂಪುಗಳಿಗೆ ಅಭ್ಯಾಸವಾಗಿ ಕೊಡಬಹುದು. ಹುಮನಾಬಾದದಿಂದ ಬೀದರಕ್ಕೆ ಇನ್ನೊಮ್ಮೆ ಸಾಗಿದರೆ ಹನ್ನೊಂದಕ್ಕೆ ಮುಗಿಯುತ್ತದೆ.

ಮೂರನೆಯ ಅವಧಿ: ದಾರಿ ಇರುವುದು ಬೇರೆ, ಬಸ್ಸು ಇರುವುದು ಬೇರೆ

ಈ ಕಾರ್ಯಾಗಾರದ ಹೃದಯಭಾಗ ಮೂರನೆಯ ಅವಧಿಯಲ್ಲಿದೆ. ಜೀಪಿನವನು ದಾರಿಯಿದ್ದ ಕಡೆಗೆಲ್ಲ ಹೋಗಬಲ್ಲನು. ಬಸ್ಸನ್ನು ನಂಬಿದವನು ಹಾಗೆ ಹೋಗಲಾರನು. ಆದ್ದರಿಂದ ಅದೇ ಏಳು ಊರುಗಳಿಗೆ ಎರಡನೆಯ ಜಾಲಾಕೃತಿಯೊಂದನ್ನು ರಚಿಸಬೇಕು. ಇದರಲ್ಲಿ ಎರಡು ಊರುಗಳ ನಡುವೆ ಕಂಸವಿದೆ ಎಂದರೆ, ಒಂದರಲ್ಲಿ ಹತ್ತಿದವನು ಬಸ್ಸು ಬದಲಿಸದೆ ಇನ್ನೊಂದರಲ್ಲಿ ಇಳಿಯಬಹುದು ಎಂದರ್ಥ.

ಅಭ್ಯಾಸಕ್ಕಾಗಿ ನಾಲ್ಕು ಸೇವೆಗಳನ್ನು ಇಟ್ಟುಕೊಳ್ಳೋಣ. ಇವು ಪಾಠಕ್ಕಾಗಿ ಕಲ್ಪಿಸಿದವುಗಳೇ ಹೊರತು ನಿಗಮದ ವೇಳಾಪಟ್ಟಿಯಲ್ಲ.

ಅ. ಬೀದರ – ಸಂತಪುರ – ಔರಾದ
ಆ. ಬೀದರ – ಭಾಲ್ಕಿ – ಕಮಲನಗರ
ಇ. ಬೀದರ – ಹುಮನಾಬಾದ – ಬಸವಕಲ್ಯಾಣ
ಈ. ಭಾಲ್ಕಿ – ಬಸವಕಲ್ಯಾಣ

‘ಅ’ ಸೇವೆಯೊಂದರಿಂದಲೇ ಮೂರು ಕಂಸಗಳು ಹುಟ್ಟುತ್ತವೆ: ಬೀದರ – ಸಂತಪುರ, ಸಂತಪುರ – ಔರಾದ, ಬೀದರ – ಔರಾದ. ಮೂರನೆಯದನ್ನು ವಿದ್ಯಾರ್ಥಿಗಳು ಬಿಟ್ಟುಬಿಡುತ್ತಾರೆ. ಏಕೆಂದರೆ ಅವರ ಮನಸ್ಸಿನಲ್ಲಿ ಇನ್ನೂ ದಾರಿಯ ಚಿತ್ರವೇ ಇದೆ. ‘ಬೀದರದಲ್ಲಿ ಹತ್ತಿದವನು ಔರಾದಕ್ಕೆ ಹೋಗುವಾಗ ಸಂತಪುರದಲ್ಲಿ ಇಳಿಯಬೇಕೆ?’ ಎಂದು ಕೇಳಿದರೆ ತಪ್ಪು ತಾನಾಗಿಯೇ ತಿದ್ದಿಕೊಳ್ಳುತ್ತದೆ. ‘ಆ’ ಮತ್ತು ‘ಇ’ಗಳಿಂದಲೂ ಮೂರು ಮೂರು, ‘ಈ’ಯಿಂದ ಒಂದು; ಒಟ್ಟು ಹತ್ತು ಕಂಸಗಳು. ಸಂತಪುರ – ಕಮಲನಗರದ ನಡುವೆ ದಾರಿಯಿದ್ದರೂ ಇಲ್ಲಿ ಕಂಸವಿಲ್ಲ. ಭಾಲ್ಕಿ – ಹುಮನಾಬಾದಕ್ಕೂ ಇದೇ ಸ್ಥಿತಿ. ಬೀದರ – ಬಸವಕಲ್ಯಾಣದ ನಡುವೆ ದಾರಿಚಿತ್ರದಲ್ಲಿ ಕಂಸವಿರಲಿಲ್ಲ, ಇಲ್ಲಿ ಇದೆ. ಊರುಗಳು ಅವೇ ಆಗಿದ್ದರೂ ‘ಕೂಡಿದೆ’ ಎಂಬ ಮಾತಿನ ಅರ್ಥ ಬದಲಾದೊಡನೆ ಜಾಲಾಕೃತಿ ಬದಲಾಯಿತು. ಯಾವ ಜಾಲಾಕೃತಿಯನ್ನು ಎಳೆಯುವ ಮುಂಚೆಯೂ ಕಂಸವೆಂದರೆ ಏನೆಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಬೇಕೆಂಬ ನಿಯಮವನ್ನು ಇಲ್ಲಿ ಹಾಕಿಕೊಡಬೇಕು.

ಔರಾದದಿಂದ ಉಳಿದ ಊರುಗಳಿಗೆ ಎಷ್ಟು ಸಲ ಬಸ್ಸು ಬದಲಿಸಬೇಕು? ಇದನ್ನು ಕಂಡುಹಿಡಿಯುವ ಕ್ರಮವು ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಸುತ್ತು ಸುತ್ತಾಗಿ ಸಾಗುತ್ತದೆ. ಔರಾದದ ಮುಂದೆ ಸೀಮೆಸುಣ್ಣದಿಂದ 0 ಎಂದು ಬರೆಯಬೇಕು. ಅದಕ್ಕೆ ಕಂಸದಿಂದ ಕೂಡಿದ ಎಲ್ಲ ಊರುಗಳಿಗೂ 1 ಎಂದು ಬರೆಯಬೇಕು: ಸಂತಪುರ, ಬೀದರ. ಆಮೇಲೆ 1 ಎಂದು ಬರೆದ ಊರುಗಳಿಗೆ ಕೂಡಿದ, ಇನ್ನೂ ಸಂಖ್ಯೆ ಬೀಳದ ಊರುಗಳಿಗೆ 2: ಭಾಲ್ಕಿ, ಕಮಲನಗರ, ಹುಮನಾಬಾದ, ಬಸವಕಲ್ಯಾಣ. ಎಲ್ಲ ಊರುಗಳೂ ಮುಗಿದವು. ಒಮ್ಮೆ ಬಿದ್ದ ಸಂಖ್ಯೆಯನ್ನು ಅಳಿಸಬಾರದು, ಒಂದು ಸುತ್ತು ಪೂರ್ತಿಯಾಗದೆ ಮುಂದಿನದಕ್ಕೆ ಹೋಗಬಾರದು. ಈ ಎರಡು ನಿಯಮಗಳನ್ನು ಮುರಿದ ಗುಂಪಿನ ಉತ್ತರದಲ್ಲಿ ಅನಾವಶ್ಯಕವಾಗಿ ದೊಡ್ಡ ಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಬಂದ ಸಂಖ್ಯೆಯು ಹತ್ತಬೇಕಾದ ಬಸ್ಸುಗಳ ಸಂಖ್ಯೆ. ಅದರಲ್ಲಿ ಒಂದನ್ನು ಕಳೆದರೆ ಬದಲಾವಣೆಗಳ ಸಂಖ್ಯೆ. ಔರಾದದಿಂದ ಎಲ್ಲಿಗೇ ಹೋಗಲಿ, ಒಂದಕ್ಕಿಂತ ಹೆಚ್ಚು ಬದಲಾವಣೆಯಿಲ್ಲ. ಮೇಲ್ನೋಟಕ್ಕೆ ಇದು ಅತ್ಯಂತ ಅನುಕೂಲಕರವಾದ ವ್ಯವಸ್ಥೆಯೇ ಸರಿ.

ನಾಲ್ಕನೆಯ ಅವಧಿ: ಮಾಂಜ್ರಾ ತುಂಬಿ ಬಂದಾಗ

ಬೀದರದಿಂದ ಔರಾದಕ್ಕೆ ಹೋಗುವ ದಾರಿಯು ಮಾಂಜ್ರಾ ನದಿಯನ್ನು ದಾಟುತ್ತದೆ. ನದಿ ತುಂಬಿ ಬಂದು ಬೀದರ – ಸಂತಪುರದ ನಡುವಿನ ಸಂಚಾರ ನಿಂತಿತೆಂದು ಭಾವಿಸೋಣ. ಅಂದೇ ಔರಾದದ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಗೆಂದು ಬೀದರಕ್ಕೆ ಹೋಗಬೇಕಾಗಿದೆ. ಒಂದನೆಯ ಸುತಳಿಯನ್ನು ಬಿಚ್ಚಿ ನೆಲಕ್ಕೆ ಹಾಕಿ ಎರಡೂ ಜಾಲಾಕೃತಿಗಳನ್ನು ನೋಡಬೇಕು.

ದಾರಿಚಿತ್ರದಲ್ಲಿ ಅವಳಿಗೆ ಮಾರ್ಗವಿದೆ: ಔರಾದ, ಸಂತಪುರ, ಕಮಲನಗರ, ಭಾಲ್ಕಿ, ಬೀದರ. ಬಸ್ಸಿನ ಚಿತ್ರದಲ್ಲಿ ಇಲ್ಲ. ‘ಅ’ ಸೇವೆಯು ಹೆಚ್ಚೆಂದರೆ ಔರಾದ – ಸಂತಪುರದ ನಡುವೆ ಓಡಾಡಬಹುದು. ಆ ಎರಡು ಊರುಗಳು ಉಳಿದ ಐದರಿಂದ ಪೂರ್ತಿ ಬೇರ್ಪಟ್ಟವು. ಸುತ್ತುಗಳ ಕ್ರಮದಿಂದ ಸಂಖ್ಯೆ ಬರೆಯಹೋದರೆ ಔರಾದಕ್ಕೆ 0, ಸಂತಪುರಕ್ಕೆ 1, ಅಲ್ಲಿಗೆ ಬರಹ ನಿಲ್ಲುತ್ತದೆ. ಹೀಗೆ ಐದು ಊರುಗಳು ಸಂಖ್ಯೆಯಿಲ್ಲದೆ ಉಳಿದರೆ ಜಾಲಾಕೃತಿ ಒಡೆದಿದೆ ಎಂಬುದಕ್ಕೆ ಅದೇ ಕುರುಹು. ಒಂದೇ ಬದಲಾವಣೆಯಲ್ಲಿ ಎಲ್ಲೆಡೆಗೂ ಹೋಗಬಹುದಾಗಿದ್ದ ವ್ಯವಸ್ಥೆಯು ಒಂದೇ ಕಡೆಯ ತಡೆಯಿಂದ ಮುರಿದು ಬಿದ್ದಿತು. ಎಲ್ಲವೂ ಬೀದರದ ಮೂಲಕವೇ ಸಾಗುತ್ತಿದ್ದುದು ಅದರ ಅನುಕೂಲಕ್ಕೂ ಕಾರಣ, ದೌರ್ಬಲ್ಯಕ್ಕೂ ಕಾರಣ.

ಒಂದೇ ಒಂದು ಹೊಸ ಸೇವೆಯನ್ನು ಸೇರಿಸಿ ಇದನ್ನು ಸರಿಪಡಿಸಲು ಗುಂಪುಗಳಿಗೆ ಹೇಳಬೇಕು. ಔರಾದ – ಸಂತಪುರ – ಕಮಲನಗರ – ಭಾಲ್ಕಿ ಎಂಬ ಸೇವೆಯನ್ನು ಸೇರಿಸಿದರೆ ಸಂಖ್ಯೆಗಳು ಹೀಗೆ ಬರುತ್ತವೆ: ಸಂತಪುರ, ಕಮಲನಗರ, ಭಾಲ್ಕಿಗಳಿಗೆ 1, ಬೀದರ, ಬಸವಕಲ್ಯಾಣಗಳಿಗೆ 2, ಹುಮನಾಬಾದಕ್ಕೆ 3. ವಿದ್ಯಾರ್ಥಿನಿಯು ಭಾಲ್ಕಿಯಲ್ಲಿ ಒಮ್ಮೆ ಬಸ್ಸು ಬದಲಿಸಿ ಬೀದರ ಸೇರುವಳು. ಭಾಲ್ಕಿ – ಹುಮನಾಬಾದದ ನಡುವೆಯೂ ಒಂದು ಬಸ್ಸನ್ನು ಬಿಟ್ಟರೆ ಹುಮನಾಬಾದದ 3 ಎಂಬುದು 2ಕ್ಕೆ ಇಳಿಯುವುದನ್ನು ಚುರುಕಾದ ಗುಂಪುಗಳು ತಾವೇ ಕಾಣುತ್ತವೆ.

ಇಲ್ಲಿಗೆ ಪಾಠ ಮುಗಿಯಿತೆಂದು ತೋರಬಹುದು, ಮುಗಿಸಬಾರದು. ನದಿಯನ್ನು ಈಗ ಅಂಗಳದಲ್ಲಿ ಎಳೆಯಬೇಕು. ಔರಾದ, ಸಂತಪುರ, ಕಮಲನಗರಗಳು ಮಾಂಜ್ರೆಯ ಉತ್ತರಕ್ಕಿವೆ. ಭಾಲ್ಕಿ, ಬೀದರ, ಹುಮನಾಬಾದ, ಬಸವಕಲ್ಯಾಣಗಳು ದಕ್ಷಿಣಕ್ಕೆ. ಒಬ್ಬ ವಿದ್ಯಾರ್ಥಿಯು ಸೀಮೆಸುಣ್ಣದಿಂದ ಈ ಎರಡು ಗುಂಪುಗಳ ನಡುವೆ ಒಂದು ಗೆರೆಯನ್ನು ಎಳೆಯುತ್ತ ಹೋದರೆ, ಅದು ಎರಡೇ ಸುತಳಿಗಳನ್ನು ಕತ್ತರಿಸುತ್ತದೆ: ಬೀದರ – ಸಂತಪುರ ಮತ್ತು ಭಾಲ್ಕಿ – ಕಮಲನಗರ. ಯಾವ ಕಂಸಗಳನ್ನು ತೆಗೆದರೆ ಜಾಲಾಕೃತಿಯು ಎರಡು ಹೋಳಾಗುವುದೋ ಆ ಕಂಸಗಳ ಸಮೂಹಕ್ಕೆ ಗಣಿತದಲ್ಲಿ ‘ಛೇದ’ ಎನ್ನಬಹುದು. ನಮ್ಮ ಚಿತ್ರದಲ್ಲಿ ನದಿಯೇ ಛೇದವಾಗಿದೆ. ಬದಲಿ ಮಾರ್ಗವೆಂದು ನಾವು ಆರಿಸಿದ ಸೇವೆಯೂ ಅದೇ ನದಿಯನ್ನು ಇನ್ನೊಂದು ಕಡೆ ದಾಟಲೇಬೇಕು. ಒಂದು ಸೇತುವೆಯ ಮೇಲೆ ನೀರು ಬಂದಾಗ ಇನ್ನೊಂದು ಸುರಕ್ಷಿತವಾಗಿ ಉಳಿದೀತೆ ಎಂಬುದಕ್ಕೆ ಜಾಲಾಕೃತಿಯಲ್ಲಿ ಉತ್ತರವಿಲ್ಲ. ಅದು ಸೇತುವೆಯ ಎತ್ತರವನ್ನೂ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನೂ ಅವಲಂಬಿಸಿದೆ. ಎಲ್ಲಿ ಕೇಳಬೇಕೆಂಬುದನ್ನು ಚಿತ್ರ ತೋರಿಸಿಕೊಟ್ಟಿತು. ಉತ್ತರವನ್ನು ನದಿಯ ದಂಡೆಗೆ ಹೋಗಿಯೇ ತಿಳಿಯಬೇಕು.

ಚಿತ್ರದ ಇನ್ನೆರಡು ಮಿತಿಗಳನ್ನು ವಿದ್ಯಾರ್ಥಿಗಳು ತಾವು ತಂದ ವೇಳಾಫಲಕದಿಂದಲೇ ಕಾಣಬಲ್ಲರು. ಒಂದೇ ಬದಲಾವಣೆಯ ಪ್ರಯಾಣವೆಂದರೆ ಬೇಗ ಮುಗಿಯುವ ಪ್ರಯಾಣವೆಂದಲ್ಲ. ಮೊದಲನೆಯ ಬಸ್ಸು ಭಾಲ್ಕಿಗೆ ಹತ್ತು ಗಂಟೆಗೆ ತಲಪಿ, ಮುಂದಿನದು ಹನ್ನೆರಡಕ್ಕೆ ಹೊರಡುವಂತಿದ್ದರೆ ಕಾಯುವ ಎರಡು ತಾಸು ಯಾವ ಕಂಸದ ಮೇಲೂ ಬರೆದಿರುವುದಿಲ್ಲ. ಹಾಗೆಯೇ, ಕಂಸವೆಂದರೆ ಹೋಗಲೂ ಬರಲೂ ಬಸ್ಸಿದೆ ಎಂದು ಇಲ್ಲಿಯವರೆಗೆ ಭಾವಿಸಿದ್ದೆವು. ಹಳ್ಳಿಯ ವಸತಿ ಬಸ್ಸು ಹಾಗಲ್ಲ. ಅದು ಸಂಜೆ ಊರಿಗೆ ಬಂದು ರಾತ್ರಿ ಅಲ್ಲಿಯೇ ತಂಗಿ ಬೆಳಗ್ಗೆ ಹೊರಡುತ್ತದೆ. ಸಂಜೆಯ ಚಿತ್ರದಲ್ಲಿ ಆ ಕಂಸವು ಊರ ಕಡೆಗಷ್ಟೇ, ಬೆಳಗಿನ ಚಿತ್ರದಲ್ಲಿ ಪಟ್ಟಣದ ಕಡೆಗಷ್ಟೇ. ಇಂತಹ ಕಂಸಗಳಿಗೆ ಬಾಣದ ಗುರುತು ಹಾಕಬೇಕೆಂದು ಹೇಳಿದರೆ ದಿಶೆಯುಳ್ಳ ಜಾಲಾಕೃತಿಯ ಪರಿಚಯವೂ ಆದಂತಾಯಿತು.

ಕೊನೆಯ ಹದಿನೈದು ನಿಮಿಷಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹಳ್ಳಿಯನ್ನು ಎಂಟನೆಯ ಬಿಂದುವಾಗಿ ಸೇರಿಸಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಆ ಬಿಂದುವಿನ ದರ್ಜೆ ಎಷ್ಟು? ಅದು ಸೇರಿದ ಮೇಲೆ ಬೆಸ ದರ್ಜೆಯ ಊರುಗಳು ಎಷ್ಟಾದವು? ಯಾವ ಒಂದು ಕಂಸವನ್ನು ತೆಗೆದರೆ ಆ ಹಳ್ಳಿ ಉಳಿದೆಲ್ಲವುಗಳಿಂದ ಬೇರ್ಪಡುತ್ತದೆ? ದರ್ಜೆ 1 ಇದ್ದ ಹಳ್ಳಿಯ ಬಾಲಕನಿಗೆ ಮೂರನೆಯ ಪ್ರಶ್ನೆಯ ಉತ್ತರಕ್ಕೆ ಲೆಕ್ಕ ಬೇಡ. ಪ್ರತಿ ಮಳೆಗಾಲದಲ್ಲಿಯೂ ಅವನು ಅದನ್ನು ಕಂಡಿರುತ್ತಾನೆ. ಉತ್ತರಪತ್ರಗಳನ್ನು ಹಳ್ಳಿಗಳ ಹೆಸರಿನ ಕ್ರಮದಲ್ಲಿ ಜೋಡಿಸಿ ಗೋಡೆಗೆ ಅಂಟಿಸಿದರೆ, ಒಂದೇ ಕಂಸದಿಂದ ಹೊರಲೋಕಕ್ಕೆ ಕೂಡಿದ ಹಳ್ಳಿಗಳು ಯಾವುವೆಂಬುದು ಶಾಲೆಯ ಎಲ್ಲರಿಗೂ ಒಂದೇ ನೋಟದಲ್ಲಿ ತಿಳಿಯುತ್ತದೆ. ಮಳೆ ಹಿಡಿದ ದಿನಗಳಲ್ಲಿ ಯಾವ ಮಕ್ಕಳ ಗೈರುಹಾಜರಿಗೆ ಕಾರಣ ಕೇಳಬೇಕಾಗಿಲ್ಲವೆಂಬುದೂ ಹಾಜರಿ ಪುಸ್ತಕ ಹಿಡಿದ ಶಿಕ್ಷಕರಿಗೆ ಅದರಿಂದಲೇ ಗೊತ್ತಾಗುತ್ತದೆ.